ಪುಟ್ಟ ಲೋಗೋವನ್ನು ಬೋರ್ಡಿಗೆ ಸಿದ್ಧಮಾಡುವುದು

ನನ್ನ ಹತ್ರ ಲೋಗೋದ 200 ಪಿಕ್ಸೆಲ್ ಅಗಲದ ಜೆಪೆಗ್ ಮಾತ್ರ ಇದೆ. ಅದನ್ನೇ ದೊಡ್ಡದು ಮಾಡಿ ಅಂಗಡಿ ಬೋರ್ಡಿಗೆ ಹಾಕಿಸಬಹುದಾ?

ಬೇಡ. ಬೋರ್ಡಿನಲ್ಲಿ ಲೋಗೋ 4 ಅಡಿ ಅಗಲ ಅಂದುಕೊಳ್ಳಿ. ಒಂದೊಂದು ಪಿಕ್ಸೆಲ್ಲೂ ಸುಮಾರು 6 ಮಿಲಿಮೀಟರಿನ ಚೌಕವಾಗುತ್ತದೆ. ಹಿಗ್ಗಿಸುವ ಸಾಫ್ಟ್‌ವೇರ್ ನಡುವಿನ ಬಣ್ಣವನ್ನು ಊಹಿಸಿ ತುಂಬುತ್ತದೆ, ಅಷ್ಟೇ. ಅಂಚಿನಲ್ಲಿ ಮೆಟ್ಟಿಲಿನಂಥ ರೂಪ ಹೋಗಿ ಮಸುಕು ಬರುತ್ತದೆ. ಪಿಕ್ಸೆಲ್ ಬದಲು ಗೆರೆಗಳಿಂದಲೇ ಆದ ವೆಕ್ಟರ್ ಚಿತ್ರದಲ್ಲಿ ಅಂಚು ಅನ್ನೋದು ಬಿಂದುಗಳ ನಡುವಿನ ಗೆರೆ. ಎಷ್ಟು ಹಿಗ್ಗಿಸಿದರೂ ಚೂಪಾಗೇ ಇರುತ್ತದೆ.

ಹಾಗಾಗಿ ಲೋಗೋವನ್ನು ವೆಕ್ಟರ್ ಆಗಿ ಮತ್ತೆ ಬರೆಯಿರಿ. ವೆಕ್ಟರ್ ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಜೆಪೆಗ್ ಅನ್ನು ಕೆಳಗಿನ ಲೇಯರಿನಲ್ಲಿ ಲಾಕ್ ಮಾಡಿ, ಅದರ ಮೇಲೆ ಪೆನ್ ಟೂಲ್‌ನಿಂದ ಬರೆಯಿರಿ. ಬಿಂದು ಕಡಿಮೆ ಇದ್ದಷ್ಟೂ ತಿರುವು ನಯ. ಚಿತ್ರ ನೋಡಿ ತಾನೇ ಗೆರೆ ಎಳೆಯುವ ಆಟೋ ಟ್ರೇಸ್ ನಂಬಿದರೆ ಸುಮ್ನೆ ಕೆಲಸ ಜಾಸ್ತಿ: ಜೆಪೆಗ್‌ನ ಕಲೆಗಳನ್ನೂ ಆಕಾರ ಅಂದುಕೊಂಡು ಅಂಚನ್ನು ಉಬ್ಬುತಗ್ಗು ಮಾಡಿಬಿಡುತ್ತದೆ.

ಕೊನೆಗೆ ಅಕ್ಷರಗಳಿಗೆ `Path > Object to Path` ಕೊಟ್ಟು ಅವನ್ನೂ ಗೆರೆಗಳಾಗಿಸಿ, ಬೋರ್ಡ್ ಮಾಡುವವರಿಗೆ ಪಿಡಿಎಫ್ ಕಳಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರದ ರೂಪವೇ ಬದಲಾಗಬಹುದು.