ಬೋರ್ಡ್ ಪ್ರಿಂಟಿಗೆ ಓಕೆ ಹೇಳೋ ಮುಂಚೆ ಸ್ಪೆಲಿಂಗ್ ಹೇಗೆ ಚೆಕ್ ಮಾಡೋದು?

ಪ್ರಶ್ನೆ: ನಮ್ಮದು ಹೊಸ ಅಂಗಡಿ, ಬೋರ್ಡಿಗೆ "ಶ್ರೀ ವರ್ಷಿಣಿ ಸ್ಟೇಷನರಿ ಅಂಡ್ ಫ್ಯಾನ್ಸಿ ಸ್ಟೋರ್ಸ್" ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿಸ್ತಾ ಇದೀವಿ. ಡಿಸೈನ್ ವಾಟ್ಸಾಪಲ್ಲಿ ಬಂದಿದೆ. ಏನೇನು ನೋಡಿ ಓಕೆ ಹೇಳಬೇಕು?

ಉತ್ತರ: ನಾನು ಡಿಟಿಪಿ ಮತ್ತೆ ಬೋರ್ಡ್ ಡಿಸೈನ್ ಕೆಲಸ ಮಾಡೋನು, ಅಂದ್ರೆ ತಪ್ಪು ಮಾಡೋ ಪಾರ್ಟಿ ನಮ್ಮದೇ 😄 ಅದಕ್ಕೆ ತಪ್ಪು ಎಲ್ಲಿಂದ ಬರುತ್ತೆ ಅಂತ ಮೊದಲು ಹೇಳ್ತೀನಿ, ಆಗ ಎಲ್ಲಿ ನೋಡಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ನೀವು ವಾಟ್ಸಾಪಲ್ಲಿ ಹೆಸರು ಸರಿಯಾಗೇ ಟೈಪ್ ಮಾಡಿ ಕಳಿಸಿರ್ತೀರ. ಆದ್ರೆ ಅದು ಯೂನಿಕೋಡ್, ಅಂದ್ರೆ ಈಗಿನ ಫೋನೆಲ್ಲಾ ಬಳಸೋ ಅಕ್ಷರದ ಕೋಡ್. ನಮ್ಮಲ್ಲಿ ಎಷ್ಟೋ ಜನ ಇನ್ನೂ ಹಳೇ ಕೋರಲ್ ಡ್ರಾದಲ್ಲಿ ನುಡಿ, ಬರಹದ ಹಳೇ ಫಾಂಟ್ ಇಟ್ಕೊಂಡು ಕೆಲಸ ಮಾಡ್ತೀವಿ, ಅಲ್ಲಿಗೆ ಯೂನಿಕೋಡ್ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಒಡೆದು ಚೂರುಚೂರಾಗುತ್ತೆ. ಅದಕ್ಕೆ ಒಂದೋ ಕನ್ವರ್ಟ್ ಮಾಡ್ತೀವಿ, ಇಲ್ಲಾ ನೋಡ್ಕೊಂಡು ಮತ್ತೆ ಕೈಯಲ್ಲಿ ಟೈಪ್ ಮಾಡ್ತೀವಿ. ತಪ್ಪು ಹುಟ್ಟೋದು ಇಲ್ಲೇ. ಆಮೇಲೆ ಅಕ್ಷರನ ಕರ್ವ್ಸ್ ಮಾಡಿಬಿಟ್ರೆ ಅದು ಬರೀ ಚಿತ್ರ, ಯಾವ ಸ್ಪೆಲ್ ಚೆಕ್ಕೂ ಹಿಡಿಯಲ್ಲ. ಹಾಗಾಗಿ ನಾನು ಕಳಿಸಿದ ಮೆಸೇಜ್ ಸರಿ ಇತ್ತಲ್ಲ ಅಂತ ಸುಮ್ನಾಗಬೇಡಿ, ಕಟಿಂಗಿಗೋ ಪ್ರಿಂಟಿಗೋ ಹೋಗೋ ಕೊನೇ ಫೈಲಿನ ಪಿಡಿಎಫ್ ಕೇಳಿ, ಅದನ್ನೇ ನೋಡಿ.

ಈಗ ನಿಮ್ಮ ಹೆಸರು. ನಿಜ ಹೇಳ್ಬೇಕಂದ್ರೆ ಎಡವೋಕೆ ಬೇಕಾದ ಜಾಗ ಎಲ್ಲಾ ಒಂದೇ ಹೆಸರಲ್ಲಿ ಸಿಕ್ಕಿದೆ.

ಮೊದಲನೇದು "ರ್ಷಿ"ಯ ಅರ್ಕಾವತ್ತು. ಬಾಯಲ್ಲಿ ಹೇಳುವಾಗ "ವ" ಆದ ತಕ್ಷಣ "ರ್" ಬರುತ್ತೆ, ಆದ್ರೆ ಬರೆಯುವಾಗ ಆ ಚಿಹ್ನೆ "ಷಿ" ಆದ್ಮೇಲೆ, "ಣಿ"ಗೆ ಮುಂಚೆ ಕೂರಬೇಕು. ಫೋನಲ್ಲಿ ಅದು ತಾನಾಗೇ ಸರಿ ಜಾಗಕ್ಕೆ ಹೋಗುತ್ತೆ, ಹಳೇ ಫಾಂಟಲ್ಲಿ ಅದು ಬೇರೆ ಚಿಹ್ನೆ, ಟೈಪ್ ಮಾಡೋನು ಎಲ್ಲಿ ಇಟ್ಟರೆ ಅಲ್ಲೇ ನಿಲ್ಲುತ್ತೆ. ಕಿವಿಗೆ ಕೇಳಿದ ಹಾಗೆ "ವ" ಪಕ್ಕ ಇಟ್ಟುಬಿಟ್ರೆ ಅದು "ರ್ವಷಿಣಿ" ಆಯ್ತು. ಅದೇ ಥರ "ಸ್ಟೋರ್ಸ್"ನಲ್ಲೂ ಅರ್ಕಾವತ್ತು ಕೊನೇ "ಸ್" ಆದ್ಮೇಲೆ ಬರಬೇಕು. ಇನ್ನೊಂದು, ಕೆಲವರು ಅರ್ಕಾವತ್ತು ಟೈಪ್ ಮಾಡೋಕೆ ಬರದೆ ಕನ್ನಡದ ಒಂಬತ್ತು, ಅಂದ್ರೆ ೯ ಹಾಕಿ ಸಾಗಹಾಕ್ತಾರೆ. ದೂರದಿಂದ ಒಂದೇ ಥರ ಕಾಣುತ್ತೆ, ಹತ್ತಿರ ಹೋದ್ರೆ ಅಂಕಿ ಸ್ವಲ್ಪ ದಪ್ಪ, ಎತ್ತರ, ಪಕ್ಕದ ಅಕ್ಷರಕ್ಕೆ ಅಂಟದೆ ಬಿಟ್ಟು ನಿಂತಿರುತ್ತೆ. ಸೊನ್ನೆ ಕಥೆನೂ ಇಷ್ಟೇ, "ಅಂಡ್"ನಲ್ಲಿ ಅನುಸ್ವಾರದ ಬದಲು ಅಂಕಿ ೦ ಕೂತಿರಬಹುದು.

ಎರಡನೇದು ಷ, ಪ, ಫ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಇಲ್ಲಿ ಟೈಪಿಂಗ್ ಸರಿ ಇದ್ರೂ ಬೋರ್ಡ್ ತಪ್ಪಾಗುತ್ತೆ. "ಪ"ಗೂ "ಷ"ಗೂ ಇರೋ ವ್ಯತ್ಯಾಸ ಒಳಗಡೆ ಒಂದು ಗೆರೆ, "ಪ"ಗೂ "ಫ"ಗೂ ಇರೋದು ಕೆಳಗಡೆ ಒಂದು ಸೀಳು, ಅಷ್ಟೇ. ಬೋರ್ಡ್ ಎದ್ದು ಕಾಣ್ಲಿ ಅಂತ ದಪ್ಪ ಫಾಂಟ್ ಹಾಕಿ, ಅದರ ಮೇಲೆ ಔಟ್‌ಲೈನ್ ಬೇರೆ ಕೊಟ್ರೆ ಆ ಸಣ್ಣ ಜಾಗ ಮುಚ್ಚಿಹೋಗುತ್ತೆ, "ವರ್ಷಿಣಿ" ಹೋಗಿ "ವರ್ಪಿಣಿ", "ಫ್ಯಾನ್ಸಿ" ಹೋಗಿ "ಪ್ಯಾನ್ಸಿ". ನಾನೇ ಒಂದ್ಸಲ ಹೆಸರಲ್ಲಿ "ಧನ" ಇದ್ದ ಒಂದು ಅಂಗಡಿಗೆ ದಪ್ಪ ಅಕ್ಷರದ ಬೋರ್ಡ್ ಮಾಡಿಕೊಟ್ಟೆ, ಸ್ಕ್ರೀನಲ್ಲಿ ಝೂಮ್ ಮಾಡಿ ನೋಡಿದಾಗ "ಧ"ದ ಸೀಳು ಚೆನ್ನಾಗೇ ಕಾಣ್ತಿತ್ತು, ಔಟ್‌ಲೈನ್ ಕೊಟ್ಟು ಅಕ್ರಿಲಿಕ್ಕಲ್ಲಿ ಕಟ್ ಆಗಿ ಬಂದ್ಮೇಲೆ ಸೀಳೇ ಇಲ್ಲ. ಅಂಗಡಿ ಮುಂದೆ ದೊಡ್ಡದಾಗಿ "ದನ" ಅಂತ ನೇತಾಡ್ತಾ ಇತ್ತು. ಮಾಲೀಕರು ಒಳ್ಳೆಯವರು, ನಕ್ಕರು, ಆದ್ರೆ ಆ ಅಕ್ಷರ ನನ್ನ ಖರ್ಚಲ್ಲೇ ಮತ್ತೆ ಕಟ್ ಮಾಡಿಸಿದೆ.

ಅದಾದ್ಮೇಲಿಂದ ನಾನು ಮಾಡೋದು ಇದು: ಡಿಸೈನನ್ನ ಒಂದು ಎ4 ಹಾಳೆ ಮೇಲೆ ಬರೀ ಕಪ್ಪು ಬಿಳುಪಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದ್ತೀನಿ. ಬಣ್ಣ, ಶೇಡ್ ಇಲ್ಲದಿದ್ರೆ ಕಣ್ಣಿಗೆ ಅಕ್ಷರ ಮಾತ್ರ ಸಿಗುತ್ತೆ. "ಷ"ದ ಗೆರೆ ಅಲ್ಲಿಂದ ಕಾಣ್ಲಿಲ್ಲ ಅಂದ್ರೆ ರೋಡಿಂದನೂ ಕಾಣಲ್ಲ, ಫಾಂಟ್ ಬದಲಾಯಿಸಿ ಅನ್ನಿ. ಸೀಳು ಸ್ವಲ್ಪ ಅಗಲ ಮಾಡೋಕೂ ಬರುತ್ತೆ, ಆದ್ರೆ ಅದಕ್ಕೆ ಡಿಸೈನರಿಗೆ ತಾಳ್ಮೆ ಬೇಕು.

ಓದುವಾಗ ನೀವೇ ಓದಬೇಡಿ, ನಿಮಗೆ ಹೆಸರು ಬಾಯಿಪಾಠ, ಕಣ್ಣು ತಪ್ಪನ್ನ ಹಾರಿಸಿಬಿಡುತ್ತೆ. ನೀವೇ ಓದಲೇಬೇಕಾದ್ರೆ ಹಿಂದಿನಿಂದ ಒಂದೊಂದೇ ಅಕ್ಷರ ಬೆರಳಿಟ್ಟು ಬನ್ನಿ: ರ್ಸ್, ಸ್ಟೋ, ನ್ಸಿ, ಫ್ಯಾ... ಹೀಗೆ. ಅರ್ಥ ಸಿಗದಿದ್ರೆ ಅಕ್ಷರ ಕಾಣುತ್ತೆ. ಇದೇ ಹೊತ್ತಲ್ಲಿ ದೀರ್ಘನೂ ಎಣಿಸಿಬಿಡಿ. ಶ್ರೀ, ಸ್ಟೇ, ಸ್ಟೋ ಮೂರರಲ್ಲೂ ಪಕ್ಕದಲ್ಲಿ ದೀರ್ಘದ ಚಿಹ್ನೆ ಇರಬೇಕು, ಒಂದು ಬಿಟ್ಟುಹೋದ್ರೂ "ಸ್ಟೊರ್ಸ್" ಆಗುತ್ತೆ.

ಇಂಗ್ಲಿಷಲ್ಲಿ ನಿಮಗಿರೋ ಗುಂಡಿ ಒಂದೇ: `STATIONERY`. ಅಲ್ಲಿ R ಗೆ ಮುಂಚೆ ಇರೋದು E. `STATIONARY` ಅಂತ A ಹಾಕಿದ್ರೆ ನಿಂತಲ್ಲೇ ನಿಂತಿರೋದು ಅಂತ ಅರ್ಥ, ಎರಡೂ ಸರಿಯಾದ ಪದ ಆಗಿರೋದ್ರಿಂದ ಕಂಪ್ಯೂಟರ್ ಕೆಂಪು ಗೆರೆನೂ ಹಾಕಲ್ಲ. `SRI` ನಾ `SHREE` ನಾ ಅನ್ನೋದು ನಿಮ್ಮಿಷ್ಟ ಅಲ್ಲ, ಟ್ರೇಡ್ ಲೈಸೆನ್ಸಲ್ಲಿ, ಬ್ಯಾಂಕ್ ಅಕೌಂಟಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಹಾಕಿಸಿ. ಜಿಎಸ್‌ಟಿ ಇದ್ರೆ ಆ ನಂಬರೂ ಬೋರ್ಡ್ ಮೇಲೆ ಬರಬೇಕು, ಒಟ್ಟು 15 ಅಕ್ಷರ, ಕರ್ನಾಟಕದ್ದು 29ರಿಂದ ಶುರು, ಸೊನ್ನೆಗೂ ಇಂಗ್ಲಿಷ್ O ಗೂ ಅದಲುಬದಲು ಆಗಿದ್ಯಾ ನೋಡಿ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ್ಮೇಲೆ ಬೋರ್ಡಲ್ಲಿ ಕನ್ನಡ ಶೇಕಡ 60 ಇರಬೇಕು, ಅದೂ ಮೇಲ್ಭಾಗದಲ್ಲೇ. ಇದಕ್ಕೂ ಸ್ಪೆಲಿಂಗಿಗೂ ಏನ್ ಸಂಬಂಧ ಅಂತೀರಾ, ಇದೆ. ಮೊದಲು ಸಣ್ಣದಾಗಿದ್ದ ಕನ್ನಡ ಸಾಲನ್ನ ದೊಡ್ಡದು ಮಾಡಿದಾಗ "ಸ್ಟೇ", "ಸ್ಟೋ"ದ ಟ ಒತ್ತು ಕೆಳಗಿನ ಇಂಗ್ಲಿಷ್ ಸಾಲಿಗೆ ಬಡಿಯುತ್ತೆ, ಆಗ ನಮ್ಮವರು ಒತ್ತನ್ನ ಮಾತ್ರ ಹಿಸುಕಿ ಇರುವೆ ಥರ ಮಾಡಿಬಿಡ್ತಾರೆ. ಹಾಗೆ ಕಂಡ್ರೆ ಸಾಲಿನ ನಡುವೆ ಜಾಗ ಬಿಡಿ ಅನ್ನಿ.

ಕಟ್ ಮಾಡಿದ ಅಕ್ಷರದ ಬೋರ್ಡ್ ಆಗಿದ್ರೆ ಫಿಟ್ಟಿಂಗ್ ದಿನ ದಯವಿಟ್ಟು ಅಲ್ಲೇ ಇರಿ. ಅರ್ಕಾವತ್ತು, ಸೊನ್ನೆ, ಒತ್ತು ಇವೆಲ್ಲಾ ಬೇರೆ ಬೇರೆ ಪೀಸ್ ಆಗಿ ಕವರಲ್ಲಿ ಬಂದಿರ್ತವೆ, ಅಂಟಿಸೋ ಹುಡುಗನಿಗೆ ಕನ್ನಡ ಓದೋಕೆ ಬರದೇ ಇರಬಹುದು, ತಪ್ಪು ಅವನದ್ದೂ ಅಲ್ಲ. ಆ ಎ4 ಪ್ರಿಂಟನ್ನೇ ಕೈಗೆ ಕೊಡಿ, ಮೊದಲು ಟೇಪಲ್ಲಿ ನಿಲ್ಲಿಸಿ ತೋರಿಸು, ಆಮೇಲೆ ಅಂಟು ಹಾಕು ಅನ್ನಿ. ಗಮ್ ಒಣಗಿದ್ಮೇಲೆ ಕಿತ್ತರೆ ಅಕ್ಷರದ ಹಿಂದಿರೋ ಎಸಿಪಿ ಶೀಟ್ ಮೇಲೆ ಕಲೆ ಹಾಗೇ ಉಳಿಯುತ್ತೆ.