ಪೋಸ್ಟ್‌ನಲ್ಲಿ ಸಿಸ್ಟರ್, ಅಮ್ಮನ ಮಂಚದ ಪಕ್ಕದಲ್ಲಿ ಯಾರು?

ಓದುಗರ ಪತ್ರ

ಮಾನ್ಯ ಸಂಪಾದಕರೇ, ನಾನು ಡಲ್ಲಾಸ್‌ನಲ್ಲಿದ್ದೇನೆ. ಮೈಸೂರಿನಲ್ಲಿರುವ ಅಮ್ಮನಿಗೆ 76. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನವಿಲ್ಲ. ಮೂಗಿನ ಪೈಪಿನಲ್ಲಿ ಆಹಾರ, ಯೂರಿನ್ ಬ್ಯಾಗ್ ಬೇರೆ. ಅಪ್ಪನಿಗೆ 81, ಒಬ್ಬರೇ ನೋಡಿಕೊಳ್ಳಲು ಆಗುತ್ತಿಲ್ಲ. ಫೇಸ್‌ಬುಕ್ ತೆಗೆದರೆ ಸಾಕು, ‘ನೀವು ದೂರದಲ್ಲಿದ್ದೀರಿ, ನಿಮ್ಮ ತಾಯಿಗೆ ಮಗಳಾಗಿ ನಾವಿದ್ದೇವೆ. ತರಬೇತಾದ ನರ್ಸ್, 24 ಗಂಟೆ ಆರೈಕೆ, ದಿನವೂ ವಾಟ್ಸಾಪ್ ವರದಿ’ ಎಂಬ ಪೋಸ್ಟ್‌ಗಳು. ಓದಿ ಎಷ್ಟೋ ಸಲ ಅತ್ತಿದ್ದೇನೆ. ಇವರನ್ನು ನಂಬಬಹುದೇ?
— ಓದುಗರೊಬ್ಬರು, ಡಲ್ಲಾಸ್

ಸಂಪಾದಕರ ಉತ್ತರ

ನಂಬುವುದು ಬಿಡುವುದು ಆಮೇಲಿನ ಮಾತು. ಫೋನ್ ಮಾಡಿ ಮೊದಲು ಇದನ್ನು ಕೇಳಿ: ಮನೆಗೆ ಬರುವವರು ನರ್ಸೋ, ಅಟೆಂಡೆಂಟೋ? ನಮ್ಮ ಊರುಗಳಲ್ಲಿ ಬಿಳಿ ಕೋಟು ಹಾಕಿಕೊಂಡು ಬಂದವರನ್ನೆಲ್ಲ ‘ಸಿಸ್ಟರ್’ ಎಂದೇ ಕರೆಯುತ್ತೇವೆ. ಪೋಸ್ಟ್ ಬರೆಯುವವರಿಗೆ ಅಷ್ಟೇ ಸಾಕು. ನರ್ಸ್ ಎಂದರೆ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು. ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ. ಕರ್ನಾಟಕದವರಾದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನದು, ಕೇರಳದಿಂದ ಬಂದವರಾದರೆ ಅಲ್ಲಿಯದು. ಆ ಸಂಖ್ಯೆಯನ್ನು ಕೇಳಿದಾಗ ‘ಕಳಿಸ್ತೀವಿ ಮೇಡಂ’ ಎಂದವರು ಕಳಿಸದೆ ಹೋದರೆ, ಬರುವವರು ಅಟೆಂಡೆಂಟ್ ಎಂದೇ ತಿಳಿದುಕೊಳ್ಳಿ.

ಅಟೆಂಡೆಂಟ್ ಎಂದರೆ ಕೀಳು ಎಂದು ನಾನು ಹೇಳುತ್ತಿಲ್ಲ. ಕೆಲವೇ ತಿಂಗಳ ಕೋರ್ಸ್ ಮಾಡಿದವರು, ಅಥವಾ ಕೆಲಸ ಮಾಡುತ್ತಲೇ ಕಲಿತವರು ಅವರು. ನಿಮ್ಮ ಅಮ್ಮನಿಗೆ ದಿನದ ಬಹುಪಾಲು ಬೇಕಾಗಿರುವುದು ಅವರ ಕೆಲಸವೇ: ಮೈ ಒರೆಸುವುದು, ಡೈಪರ್ ಬದಲಿಸುವುದು, ಮಗ್ಗಲು ತಿರುಗಿಸುವುದು, ಹೇಳಿಕೊಟ್ಟ ಹಾಗೆ ಪೈಪಿನಲ್ಲಿ ಆಹಾರ ಕೊಡುವುದು. ಮೂಗಿನ ಪೈಪ್ ಕಳಚಿದರೆ ಮತ್ತೆ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಇವು ಮಾತ್ರ ನರ್ಸ್ ಕೆಲಸ, ಅದೂ ದಿನವಿಡೀ ಇರುವಂಥದ್ದಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ಹಗಲಿಗೊಬ್ಬರು, ರಾತ್ರಿಗೊಬ್ಬರು ಅಟೆಂಡೆಂಟ್ ಇರಲಿ. ನೋಂದಾಯಿತ ನರ್ಸ್ ವಾರಕ್ಕೊಮ್ಮೆ ಬಂದು ನೋಡಿಹೋಗಲಿ, ಪೈಪ್ ಬದಲಿಸುವ ದಿನ ಬರಲಿ, ಪ್ರತಿ ಭೇಟಿಗೆ ಬೇರೆ ಹಣ ಕೊಡಿ. ‘24 ಗಂಟೆ ನರ್ಸ್’ ಎಂದು ಹಣ ಪಡೆದು ಒಬ್ಬ ಅಟೆಂಡೆಂಟ್‌ಳನ್ನು ಕಳಿಸುವ ಏರ್ಪಾಡಿಗಿಂತ ಇದು ಮೇಲು.

ಆ 24 ಗಂಟೆಯ ಮಾತನ್ನೂ ಬಿಡಿಸಿ ನೋಡೋಣ. ಬಹಳಷ್ಟು ಕಡೆ ಅದರ ಅರ್ಥ, ಒಬ್ಬಳೇ ಹೆಂಗಸು ಮನೆಯಲ್ಲೇ ಉಳಿದುಕೊಳ್ಳುತ್ತಾಳೆ ಎಂದು. ತಾನಾಗಿ ಹೊರಳಲಾಗದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು, ಹೀಗೆ ಐದು ಸಲ ಏಳಬೇಕು. ಹಗಲೆಲ್ಲ ದುಡಿದವಳು ವಾರಗಟ್ಟಲೆ ಹೀಗೆ ಏಳಲಾರಳು, ಏಳಬೇಕೆಂದು ಕೇಳುವುದೂ ನ್ಯಾಯವಲ್ಲ. ಮೊದಲ ಎರಡು ರಾತ್ರಿ ಎದ್ದಾಳು, ಮೂರನೆಯ ರಾತ್ರಿ ನಿದ್ದೆ ಅವಳನ್ನು ಗೆಲ್ಲುತ್ತದೆ. ಅಮ್ಮ ಆರೇಳು ಗಂಟೆ ಒಂದೇ ಮಗ್ಗಲಲ್ಲಿರುತ್ತಾರೆ, ಮೈಭಾರ ಒತ್ತಿದ ಕಡೆ ಚರ್ಮ ಕೆಟ್ಟು ಬೆಡ್‌ಸೋರ್ ಆಗಬಹುದು. ಏರ್‌ಬೆಡ್ ಇದೆಯಲ್ಲ ಎಂದು ಏಜೆನ್ಸಿಯವರು ಹೇಳಬಹುದು. ಏರ್‌ಬೆಡ್ ಒತ್ತಡ ತಗ್ಗಿಸುತ್ತದೆ ನಿಜ, ಮಗ್ಗಲು ಬದಲಿಸುವ ಕೆಲಸವನ್ನು ಅದು ತಪ್ಪಿಸುವುದಿಲ್ಲ.

ಈಗ ವಾಟ್ಸಾಪ್ ವರದಿಗೆ ಬರುತ್ತೇನೆ. ನನಗೆ ಹೆಚ್ಚು ಕಳವಳ ಇರುವುದು ಇದರ ಬಗ್ಗೆಯೇ. ಹಣ ಕೊಡುವವರು ನೀವು, ಆರೈಕೆ ಆಗಬೇಕಾದ್ದು ಅಮ್ಮನಿಗೆ. ಅಮ್ಮ ದೂರು ಹೇಳುವ ಸ್ಥಿತಿಯಲ್ಲಿಲ್ಲ, ನೀವು ನೋಡುವ ಜಾಗದಲ್ಲಿಲ್ಲ. ಇಂಥ ಕಡೆ ಆರೈಕೆ ಕೆಟ್ಟರೂ ವರದಿ ಚೆನ್ನಾಗಿಯೇ ಬರುತ್ತಿರುತ್ತದೆ, ಏಕೆಂದರೆ ಮುಂದಿನ ತಿಂಗಳ ಹಣ ನಿಂತಿರುವುದು ವರದಿಯ ಮೇಲೆ. ನಿಮ್ಮ ರಾತ್ರಿ ಎಂಟೂವರೆಗೆ, ಮೈಸೂರಿನಲ್ಲಿ ಬೆಳಗ್ಗೆ ಏಳಕ್ಕೆ, ತಲೆ ಬಾಚಿ ಹೂವು ಮುಡಿಸಿದ ಅಮ್ಮನ ಫೋಟೊ ಬಂದರೆ ನಿಮಗೆ ಸಮಾಧಾನವಾಗುತ್ತದೆ. ಹೊದಿಕೆಯ ಕೆಳಗಿನ ಹಿಮ್ಮಡಿ ಆ ಫೋಟೊದಲ್ಲಿ ಕಾಣುವುದಿಲ್ಲ.

ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಇಂಥದೊಂದು ದಾಖಲೆ ಪುಸ್ತಕ ನೋಡಿದೆ. ಹತ್ತು ದಿನವೂ ಬಿಪಿ 120/80, ನಾಡಿ 72, ಮೂತ್ರ 1500 ಎಂಎಲ್. ಮಗ್ಗಲು ಬದಲಿಸಿದ ಕಾಲಂನಲ್ಲಿ ಎಂಟು, ಹತ್ತು, ಹನ್ನೆರಡು ಎಂದು ಗಡಿಯಾರಕ್ಕೆ ಸರಿಯಾಗಿ ಟಿಕ್ ಮಾರ್ಕು. ಹಗಲಿನವರದೂ ರಾತ್ರಿಯವರದೂ ಒಂದೇ ಪೆನ್ನು, ಒಂದೇ ಕೈಬರಹ. ಜೀವವಿರುವ ಮೈ ದಿನವೂ ಒಂದೇ ಅಂಕಿ ತೋರಿಸುವುದಿಲ್ಲ. ನಿಜವಾಗಿ ಅಳೆದವರ ಪುಸ್ತಕದಲ್ಲಿ 134/82 ಇರುತ್ತದೆ, ಮಾರನೆಯ ದಿನ 126/76 ಇರುತ್ತದೆ, ಮಗ್ಗಲು ಬದಲಿಸಿದ್ದು ಹತ್ತೂ ಇಪ್ಪತ್ತಕ್ಕೆ ಎಂದಿರುತ್ತದೆ, ‘ಭೇದಿ, ಹನ್ನೆರಡರ ಫೀಡ್ ಕೊಡಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆ’ ಎಂಬಂಥ ಸಾಲು ಇರುತ್ತದೆ. ಅಂದ ಕೆಟ್ಟ ಪುಟವನ್ನು ಹೆಚ್ಚು ನಂಬಿ.

ನೀವು ಅಲ್ಲಿಂದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಯಾವುದೋ ದಿನ, ಮೈಸೂರಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಆವತ್ತಿನ ಪುಟವನ್ನು ಆಗಲೇ ಫೋಟೊ ತೆಗೆದು ಕಳಿಸುವಂತೆ ಅಪ್ಪನಿಗೆ ಹೇಳಿ. ಪುಟ ಪೂರ್ತಿ ಖಾಲಿಯಿದ್ದರೆ ರಾತ್ರಿ ಒಟ್ಟಿಗೆ ಬರೆಯುತ್ತಾರೆ. ಸಂಜೆಯವರೆಗೆ ತುಂಬಿದ್ದರೆ ಬೆಳಗ್ಗೆಯೇ ಬರೆದು ಮುಗಿಸಿದ್ದಾರೆ.

ಇನ್ನೊಂದು, ಮೆಡಿಕಲ್ ಶಾಪಿನ ಬಿಲ್ಲು ನೋಡಿ. ಯೂರಿನ್ ಬ್ಯಾಗ್ ಇದ್ದರೂ ಡೈಪರ್ ದಿನಕ್ಕೆ ಎರಡು ಮೂರಾದರೂ ಬೇಕು. ಹತ್ತರ ಪ್ಯಾಕ್ ನಾಲ್ಕೈದು ದಿನಕ್ಕೆ ಮುಗಿಯಬೇಕು. ಒಂಬತ್ತು ಹತ್ತು ದಿನ ಬಂದರೆ ದಿನಕ್ಕೊಂದೇ ಬದಲಿಸುತ್ತಿದ್ದಾರೆ ಎಂದಾಯಿತು. ಫೀಡ್ ಪುಡಿಯ ಡಬ್ಬಕ್ಕೂ ಇದೇ ಲೆಕ್ಕ. ಡಯಟಿಷಿಯನ್ ಬರೆದುಕೊಟ್ಟ ಅಳತೆಯಲ್ಲಿ ಡಬ್ಬ ಎಷ್ಟು ದಿನ ಬರಬೇಕು ಎಂದು ಲೆಕ್ಕ ಹಾಕಿ, ಅದಕ್ಕಿಂತ ಹೆಚ್ಚು ದಿನ ಬಂದರೆ ಅಮ್ಮನಿಗೆ ಅಷ್ಟು ಕಡಿಮೆ ಹೋಗಿದೆ.

ಉಳಿದದ್ದನ್ನು ಊರಿನವರೇ ಬಂದು ನೋಡಬೇಕು. ಅತ್ತಿಗೆಯೋ, ಪಕ್ಕದ ಮನೆಯವರೋ, ಯಾರಾದರೂ ವಾರಕ್ಕೊಮ್ಮೆ ಹೇಳದೆ ಬಂದು ಹೋಗಲಿ. ಬಂದವರು ಅಮ್ಮನ ಮುಖ ನೋಡಿ ಮಾತಾಡಿಸಿದ ಮೇಲೆ ಹೊದಿಕೆ ಸರಿಸಿ ಹಿಮ್ಮಡಿ, ಬೆನ್ನಿನ ತುದಿಯ ಮೂಳೆ, ಸೊಂಟದ ಎರಡು ಪಕ್ಕ ನೋಡಲಿ. ಕೆಂಪಾಗಿ ಅಥವಾ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಕಂಡ ಜಾಗವನ್ನು ಬೆರಳಿನಿಂದ ಒತ್ತಿ ಬಿಡಲಿ. ಒತ್ತಿದಾಗ ಬಣ್ಣ ತಿಳಿಯಾಗಿ ಮತ್ತೆ ಮರಳಿದರೆ ಅಲ್ಲಿ ರಕ್ತ ಓಡಾಡುತ್ತಿದೆ. ಬಣ್ಣ ಅಲುಗದೆ ಹಾಗೇ ನಿಂತರೆ ಬೆಡ್‌ಸೋರ್ ಶುರುವಾಗಿದೆ. ನಮ್ಮ ಮೈಬಣ್ಣದಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ, ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ ಕೈಗೆ ಸಿಗುತ್ತದೆ. ಚರ್ಮ ಒಡೆಯುವ ಮುಂಚೆ ಗೊತ್ತಾಗಿ, ಅಲ್ಲಿ ಒತ್ತಡ ಬೀಳದಂತೆ ನೋಡಿಕೊಂಡರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಒಡೆದ ಮೇಲೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್.

ಫೀಡ್ ಕೊಡುವ ಹೊತ್ತಿಗೆ ಬಂದರಂತೂ ಇನ್ನೂ ಒಳ್ಳೆಯದು. ಮೂಗಿನ ಪೈಪಿನ ಮೇಲೆ ಅಳತೆಯ ಗುರುತುಗಳಿರುತ್ತವೆ. ಪೈಪ್ ಹಾಕಿದ ದಿನ ಮೂಗಿನ ಹೊಳ್ಳೆಯ ಹತ್ತಿರ ಯಾವ ಗುರುತಿತ್ತು ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಸಿ. ಪ್ರತಿ ಫೀಡಿಗೂ ಮುಂಚೆ ಅದೇ ಗುರುತು ಅಲ್ಲೇ ಇದೆಯೇ ಎಂದು ನೋಡಬೇಕು. ಪೈಪ್ ಹೊರಗೆ ಜಾರಿದ್ದರೆ ಫೀಡ್ ನಿಲ್ಲಿಸಿ ನರ್ಸ್‌ಗೆ ಫೋನ್ ಮಾಡಬೇಕು. ‘ಸ್ವಲ್ಪ ಒಳಗೆ ತಳ್ಳಿದೆ, ಸರಿಹೋಯ್ತು’ ಎನ್ನುವ ಅಟೆಂಡೆಂಟ್ ಬೇಡ, ಪೈಪ್ ಶ್ವಾಸನಾಳದ ದಾರಿ ಹಿಡಿದಿದ್ದರೆ ಆಹಾರ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತರಿಸಿ ಕೊಡಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬಾರದು. ಕೊಟ್ಟ ಕೂಡಲೇ ದಿಂಬು ತೆಗೆದು ಮಲಗಿಸಿದರೆ ಆಹಾರ ಮೇಲೆ ಬಂದು ನ್ಯುಮೋನಿಯಾ ಆಗುವ ಭಯವಿದೆ. ಫೀಡ್ ಆದ ಮೇಲೆ ಕೆಮ್ಮು, ಗಂಟಲಲ್ಲಿ ಗೊರಗೊರ, ಜ್ವರ ಕಂಡರೆ ಸಂಜೆಯ ವರದಿಗೆ ಕಾಯದೆ ಡಾಕ್ಟರಿಗೆ ತಿಳಿಸಬೇಕು. ಹಾಗೆಯೇ, ಎತ್ತಿ ಕೂರಿಸುವಾಗ ಎಡಗೈ ಹಿಡಿದು ಎಳೆಯುತ್ತಾರೋ ಗಮನಿಸಿ. ಸ್ವಾಧೀನ ತಪ್ಪಿದ ತೋಳಿಗೆ ಸ್ನಾಯುಗಳ ಹಿಡಿತ ಇರುವುದಿಲ್ಲ, ಎಳೆದರೆ ಭುಜದ ಕೀಲು ಜಾರಬಹುದು, ಆ ನೋವನ್ನು ಅಮ್ಮ ಹೇಳಲಾರರು.

ಕ್ಯಾಮೆರಾ ಇಡೋಣ ಎಂದು ನಿಮಗೆ ಅನ್ನಿಸಬಹುದು. ಅಮ್ಮನನ್ನೇ ಕೇಳಿ, ತಲೆಯಾಡಿಸಲು ಬಂದರೂ ಸಾಕು. ಮೈ ಒರೆಸುವ, ಬಟ್ಟೆ ಬದಲಿಸುವ ಮಂಚಕ್ಕೆ ಕ್ಯಾಮೆರಾ ತಿರುಗಿಸಿಡುವುದು ನನಗೆ ಒಪ್ಪಿಗೆಯಿಲ್ಲ.

ಕರಾರಿನ ವಿಷಯ. ಪೋಸ್ಟ್‌ನಲ್ಲಿ ಇರುವ ಎಷ್ಟೋ ಮಾತು ಕರಾರು ಪತ್ರದಲ್ಲಿ ಇರುವುದಿಲ್ಲ. ಅಲ್ಲಿ ‘ನರ್ಸ್’ ಇದ್ದದ್ದು ಇಲ್ಲಿ ‘ಕೇರ್‌ಟೇಕರ್’ ಆಗಿರುತ್ತದೆ, ಕಳಿಸಿದವರ ಕೆಲಸಕ್ಕೆ ಏಜೆನ್ಸಿ ಹೊಣೆಯಲ್ಲ ಎಂಬ ಸಾಲೂ ಇರಬಹುದು. ಪೋಸ್ಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಟೆಂಡೆಂಟ್ ರಜೆ ಹಾಕಿದರೆ ಎಷ್ಟು ಗಂಟೆಯೊಳಗೆ ಬದಲಿ ಬರುತ್ತಾರೆ, ಬಾರದಿದ್ದರೆ ಆ ದಿನದ ಹಣ ವಾಪಸ್ಸೋ, ಠೇವಣಿ ಯಾವಾಗ ಮರಳಿಸುತ್ತಾರೆ, ಇವನ್ನು ಬರೆಸಿಕೊಳ್ಳಿ. ನೀವು ಕೊಡುವುದರಲ್ಲಿ ಕೆಲಸದವಳ ಕೈಗೆ ಎಷ್ಟು ಹೋಗುತ್ತದೆ ಎಂದೂ ಕೇಳಿ. ಅವಳಿಗೆ ಗಿಟ್ಟದ ಮನೆಯಲ್ಲಿ ತಿಂಗಳಿಗೊಂದು ಹೊಸ ಮುಖ ಬರುತ್ತದೆ, ಪ್ರತಿ ಸಲವೂ ಅಮ್ಮನ ಮೈ ಹೊಸ ಕೈಗೆ ಹೊಂದಿಕೊಳ್ಳಬೇಕು. ಕರಾರು ಅಪ್ಪನ ಹೆಸರಿನಲ್ಲಿರಲಿ, ಹಣ ನೀವೇ ಕಳಿಸಿದರೂ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಏಜೆನ್ಸಿಯ ಕಚೇರಿ ಬೆಂಗಳೂರಿನಲ್ಲಿದ್ದರೂ ಅಪ್ಪ ಮೈಸೂರಿನ ಆಯೋಗಕ್ಕೇ ಹೋದರಾಯಿತು. ಮೊದಲ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇಂಥ ಯಾವ ಪೋಸ್ಟ್‌ನಲ್ಲೂ ನಾನು ಕಾಣದ ಒಂದು ಮಾತನ್ನು ಸೇರಿಸುತ್ತೇನೆ. ಸ್ಟ್ರೋಕ್ ಆದ ಎಷ್ಟೋ ಜನರಿಗೆ ನುಂಗುವ ಶಕ್ತಿ ಕೆಲವು ವಾರಗಳಲ್ಲೇ ಮರಳುತ್ತದೆ. ಎರಡು ತಿಂಗಳಾಗಿದೆ ಎನ್ನುತ್ತೀರಿ. ಪೈಪ್ ಇನ್ನೂ ಬೇಕೇ, ಕ್ಯಾಥೆಟರ್ ಇನ್ನೂ ಬೇಕೇ ಎಂದು ಡಾಕ್ಟರನ್ನು ಮತ್ತೆ ಕೇಳಿದ್ದೀರಾ? ಕೇಳಿಲ್ಲವಾದರೆ ಏಜೆನ್ಸಿ ಹುಡುಕುವ ಮುಂಚೆ ಅದನ್ನು ಕೇಳಿ. ನುಂಗುವಿಕೆಯನ್ನು ಪರೀಕ್ಷಿಸುವವರು ವಾಕ್ ತಜ್ಞರು, ಅವರ ದೊಡ್ಡ ಸಂಸ್ಥೆ ನಿಮ್ಮ ಊರಿನ ಮಾನಸಗಂಗೋತ್ರಿಯಲ್ಲೇ ಇದೆ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಪರೀಕ್ಷೆ ಆಗುವವರೆಗೆ ಪ್ರೀತಿಯಿಂದ ಯಾರೂ ಬಾಯಿಗೆ ಒಂದು ಚಮಚ ಗಂಜಿಯನ್ನೂ ಹಾಕಬಾರದು ಎಂದು ಅಪ್ಪನಿಗೆ ಹೇಳಿಡಿ. ಪೈಪ್ ತೆಗೆಯಬಹುದು ಎಂದಾದರೆ ಬೇಕಾಗುವ ಸಹಾಯವೇ ಬೇರೆಯಾಗುತ್ತದೆ, ಆಗ ಏಜೆನ್ಸಿಯ ಜೊತೆ ಮಾತನ್ನು ಅಲ್ಲಿಂದ ಶುರುಮಾಡಿ.