ಐದು ವರ್ಷಕ್ಕೆ ನಾಲ್ಕು ತಿಂಗಳು ಬಾಕಿ: ದುಬೈಗೆ ಹೊರಟವರಿಗೆ ಒಂದು ಉತ್ತರ

"ಅಣ್ಣ, ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೇನೆ. ಸೇರಿ ನಾಲ್ಕು ವರ್ಷ ಎಂಟು ತಿಂಗಳಾಯಿತು. ದುಬೈನಿಂದ ಆಫರ್ ಬಂದಿದೆ, ಒಟ್ಟು 3,000 ದಿರ್ಹಂ, ಮೂಲ ವೇತನ 1,200 ಎಂದು ಬರೆದಿದ್ದಾರೆ. ಈಗಲೇ ಬಿಟ್ಟರೆ ಗ್ರಾಚ್ಯುಟಿ ಸಿಗುತ್ತದೆಯೇ? ಪಿಎಫ್ ತೆಗೆದುಬಿಡಲೇ? ಅಲ್ಲಿ ಪಿಎಫ್, ಗ್ರಾಚ್ಯುಟಿ, ಕನಿಷ್ಠ ವೇತನ ಇವೆಯೇ? ಊಟ, ಸೆಕೆ ಹೇಗೆ?"

ಅಣ್ಣ ಎಂದು ಕರೆದಿದ್ದೀರಿ, ಅಣ್ಣನಾಗಿಯೇ ಹೇಳುತ್ತೇನೆ. ಸಾಧ್ಯವಾದರೆ ಇನ್ನು ನಾಲ್ಕು ತಿಂಗಳು ಅಲ್ಲೇ ಇದ್ದು ಐದು ವರ್ಷ ತುಂಬಿಸಿಕೊಂಡು ಬನ್ನಿ. ಹೊಸ ಕಂಪನಿಯವರಿಗೆ ಪತ್ರ ಬರೆದು ಸೇರುವ ದಿನವನ್ನು ಮುಂದಕ್ಕೆ ಹಾಕಲು ಕೇಳಿ. ವೀಸಾ ತಪ್ಪಿಹೋಗುತ್ತದೆ ಎಂದು ಏಜೆಂಟ್ ಹೆದರಿಸಿಯೇ ಹೆದರಿಸುತ್ತಾನೆ. ಅವನ ಮಾತನ್ನು ಬಿಟ್ಟು ನೇರವಾಗಿ ಕಂಪನಿಯನ್ನೇ ಕೇಳಿ.

ನಾಲ್ಕು ವರ್ಷ ಎಂಟು ತಿಂಗಳಾದರೆ ಐದು ಎಂದೇ ಲೆಕ್ಕ ಎಂದು ನಿಮ್ಮ ಜೊತೆಯವರು ಹೇಳಿರಬಹುದು. ಆರು ತಿಂಗಳು ಮೀರಿದರೆ ಪೂರ್ತಿ ವರ್ಷ ಎಂಬ ನಿಯಮ ಇರುವುದು ನಿಜ, ಆದರೆ ಅದು ಹಣ ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ. ಗ್ರಾಚ್ಯುಟಿಗೆ ಅರ್ಹತೆ ಇದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಕಾಯಂ ನೌಕರರ ಅರ್ಹತೆಗೆ ಐದು ವರ್ಷಗಳ ನಿರಂತರ ಸೇವೆ ಬೇಕು. ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಮಾತ್ರ ಆ ಷರತ್ತಿಗೆ ವಿನಾಯಿತಿ. ಇನ್ನೊಂದು ವಾದವೂ ಇದೆ. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ತುಂಬಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ ಹಿಂದೆ ಒಂದು ಪ್ರಕರಣದಲ್ಲಿ ಹೇಳಿತ್ತು. ನಿಮ್ಮ ಲೆಕ್ಕವನ್ನು ಇದಕ್ಕೆ ಹಿಡಿದು ನೋಡಿ. ಎಂಟು ತಿಂಗಳೆಂದರೆ ಕ್ಯಾಲೆಂಡರ್‌ನಲ್ಲಿ ಸುಮಾರು 243 ದಿನ. ವಾರದ ರಜೆಗಳನ್ನು ಕಂಪನಿ ಕಳೆದುಬಿಟ್ಟರೆ ಉಳಿಯುವುದು ಸುಮಾರು 208. ರಜೆಗಳನ್ನೂ ಸೇರಿಸಬೇಕು ಎಂದು ನೀವು ವಾದಿಸಬಹುದು, ಆದರೆ ಆ ವಾದ ನಡೆಯುವುದು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ. ಆಗ ನೀವು ದುಬೈನಲ್ಲಿರುತ್ತೀರಿ. ಮದ್ರಾಸಿನ ತೀರ್ಪು ಕರ್ನಾಟಕದ ಹೈಕೋರ್ಟನ್ನು ಕಟ್ಟಿಹಾಕುವುದೂ ಇಲ್ಲ.

ಬಿಟ್ಟುಹೋಗುವ ಹಣ ಎಷ್ಟೆಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,200 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 10,500. ಐದು ವರ್ಷಕ್ಕೆ 52,500. ನಾಲ್ಕು ತಿಂಗಳು ಮೊದಲೇ ಹೊರಟರೆ ಅಷ್ಟೂ ಹಣ ಕೈತಪ್ಪಬಹುದು.

ಕಾಯುವ ಮುನ್ನ ನೇಮಕಾತಿ ಪತ್ರವನ್ನು ತೆಗೆದು ನೋಡಿ. ಮೊದಲ ವರ್ಷ ನೀವು ಅಪ್ರೆಂಟಿಸ್ ಆಗಿದ್ದರೆ ಆ ವರ್ಷ ಸೇವೆಗೆ ಸೇರುವುದಿಲ್ಲ. ಹಾಗಿದ್ದರೆ ನಾಲ್ಕು ತಿಂಗಳು ಕಾದರೂ ಐದು ವರ್ಷ ತುಂಬದು, ಕಾಯುವುದರಲ್ಲಿ ಅರ್ಥವಿಲ್ಲ. ಕಾಯಂ ನೇಮಕವಾಗಿರದೆ ನಿಗದಿತ ಅವಧಿಯ ಒಪ್ಪಂದವಾಗಿದ್ದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಒಂದು ವರ್ಷ ಪೂರೈಸಿದವರಿಗೂ ಅವಧಿಗೆ ತಕ್ಕಷ್ಟು ಗ್ರಾಚ್ಯುಟಿ ಇದೆ. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಹಾಗೆಯೇ ಉಳಿದಿದೆ. ರಾಜೀನಾಮೆ ಕೊಡುವಾಗಲೂ ಎಚ್ಚರವಾಗಿರಿ. ನೀವು ನೋಟಿಸ್ ಕೊಟ್ಟ ದಿನಕ್ಕಿಂತ ಕಂಪನಿ ನಿಮ್ಮನ್ನು ಬಿಡುಗಡೆ ಮಾಡಿದ ದಿನವೇ ಇಲ್ಲಿ ಮುಖ್ಯ. ಐದು ವರ್ಷಕ್ಕೆ ಹದಿನೈದು ದಿನ ಮೊದಲು ಒಂದು ತಿಂಗಳ ನೋಟಿಸ್ ಕೊಟ್ಟವನನ್ನು "ನಾಳೆಯಿಂದ ಬರಬೇಡಿ, ನೋಟಿಸ್ ಅವಧಿಯ ಸಂಬಳ ಕೊಡುತ್ತೇವೆ" ಎಂದು ಕಳುಹಿಸಿದರೆ ಸೇವೆ ಅಲ್ಲಿಗೇ ನಿಂತುಹೋಗಬಹುದು. ಆದ್ದರಿಂದ ಐದು ವರ್ಷ ತುಂಬಿದ ಮರುದಿನವೇ ಪತ್ರ ಕೊಡಿ.

ಪಿಎಫ್ ತೆಗೆಯಬೇಡಿ. ಟಿಕೆಟ್‌ಗೆ, ಬಟ್ಟೆಗೆ, ಮನೆಯ ಖರ್ಚಿಗೆ ಎಂದು ಕೈ ಹಾಕಲು ಮನಸ್ಸಾಗುತ್ತದೆ, ಗೊತ್ತು. ಐದು ವರ್ಷದ ನಿರಂತರ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಜೊತೆಗೆ ಪಿಂಚಣಿಯ ಭಾಗವನ್ನೂ ತೆಗೆದುಬಿಟ್ಟರೆ ಅಷ್ಟು ವರ್ಷದ ಸೇವೆಯೇ ಅಳಿಸಿಹೋಗುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ, ಮುಂದೆ ಊರಿಗೆ ಮರಳಿ ಮತ್ತೆ ಕೆಲಸಕ್ಕೆ ಸೇರಿದಾಗ ಈ ವರ್ಷಗಳು ಅದಕ್ಕೆ ಸೇರುತ್ತವೆ. ಹೊರಡುವ ಮುಂಚೆ ಎರಡು ಕೆಲಸ ಮುಗಿಸಿ. ನಿಮ್ಮ ಪಿಎಫ್ ಖಾತೆಯಲ್ಲಿ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿದೆಯೇ ನೋಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಡಿ. ನನ್ನ ಸಿಮ್ ರೀಚಾರ್ಜ್ ಇಲ್ಲದೆ ಸತ್ತುಹೋಗಿ ಅದೇ ಸಂಖ್ಯೆ ಬೇರೆ ಯಾರಿಗೋ ಹೋಗಿತ್ತು. ಒಂದು ಒಟಿಪಿಗಾಗಿ ನಾನು ಊರಿಗೆ ಹೋಗಬೇಕಾಯಿತು.

ಇಲ್ಲಿ ದುಬೈನಲ್ಲಿ ನಮ್ಮಂಥವರಿಗೆ ಪಿಎಫ್ ಕಡಿತವಿಲ್ಲ. ಕೂಡಿಡುವುದು ನಿಮ್ಮ ಕೈಯಲ್ಲೇ ಇದೆ. ಊರಿನಂಥ ಕನಿಷ್ಠ ವೇತನವೂ ಹೊರನಾಡಿನ ಕೆಲಸಗಾರರಿಗೆ ಇಲ್ಲ. ಕರ್ನಾಟಕದಲ್ಲಿ ಸರ್ಕಾರ ಉದ್ಯೋಗಕ್ಕೆ ತಕ್ಕಂತೆ ದರ ಗೊತ್ತುಮಾಡುತ್ತದೆ, ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಪರಿಷ್ಕರಿಸುತ್ತದೆ, ಅದಕ್ಕಿಂತ ಕಡಿಮೆಗೆ ನೀವು ಒಪ್ಪಿ ಸಹಿ ಮಾಡಿದ್ದರೂ ಆ ಸಹಿ ನಿಲ್ಲುವುದಿಲ್ಲ. ಪಕ್ಕದ ಕತಾರ್ ಕೂಡ 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಇಟ್ಟಿದೆ. ಇಲ್ಲಿ ನಮಗೆ ನೆಲವೆಂದರೆ ಒಪ್ಪಂದದ ಕಾಗದವೊಂದೇ, ಅದರಲ್ಲಿ ಬರೆದದ್ದೇ ನಿಮ್ಮ ಕನಿಷ್ಠ ವೇತನ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು 1,200ರ ಮೇಲೆ. ಕಾರಣ ಹೇಳುತ್ತೇನೆ.

ನಾನು ತುಮಕೂರಿನಿಂದ ಬಂದದ್ದು 2008ರ ಏಪ್ರಿಲ್‌ನಲ್ಲಿ. ದುಬೈನ ಸತ್ವಾದಲ್ಲಿ ಒಂದು ಕೋಣೆ, ಎಂಟು ಮಂಚ, ಅಮ್ಮ ಕಟ್ಟಿಕೊಟ್ಟ ರಾಗಿಹಿಟ್ಟಿನ ಚೀಲ ನನ್ನ ತಲೆಯ ಹತ್ತಿರ. ಮೂರನೆಯ ದಿನ ಕಂಪನಿಯವನೊಬ್ಬ ಟೈಪಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ಎಡಗಡೆ ಇಂಗ್ಲಿಷ್, ಬಲಗಡೆ ಅರಬ್ಬಿ ಇದ್ದ ಕಾಗದವನ್ನು ಮುಂದಿಟ್ಟ. ಒಟ್ಟು 1,500 ದಿರ್ಹಂ ಎಂಬುದನ್ನು ನೋಡಿ ಸಹಿ ಮಾಡಿದೆ. ಅದರ ಮೇಲಿನ ಸಾಲಿನಲ್ಲಿ ಮೂಲ ವೇತನ 750 ಎಂದಿತ್ತು. ಅದನ್ನು ಓದಿದ್ದೆ, ಏನೆಂದು ಕೇಳಲಿಲ್ಲ. ಆರು ವರ್ಷದಲ್ಲಿ ಸಂಬಳ ಏರಿ 2,250 ಆಯಿತು. ಪ್ರತಿಸಲ ಏರಿದ ಹಣವನ್ನು ಕಂಪನಿ "ಇತರ ಭತ್ಯೆ" ಎಂಬ ಸಾಲಿಗೆ ಸೇರಿಸುತ್ತಿತ್ತು. ಪ್ರತಿಸಲವೂ ನಾನು ಸಂತೋಷದಿಂದ ಊರಿಗೆ ಫೋನ್ ಮಾಡಿದೆ.

2014ರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ಕೆಲಸ ಬಿಟ್ಟು ಹೊಸ ಕಂಪನಿಗೆ ಹೋಗುವ ಮೊದಲು ಬರುವ ಗ್ರಾಚ್ಯುಟಿಯನ್ನು ಲೆಕ್ಕ ಹಾಕಿದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. 2,250ನ್ನು 30ರಿಂದ ಭಾಗಿಸಿದರೆ ದಿನಕ್ಕೆ 75. ಐದು ವರ್ಷಕ್ಕೆ 7,875, ಆರನೆಯ ವರ್ಷಕ್ಕೆ 2,250, ಒಟ್ಟು 10,125 ದಿರ್ಹಂ. ಅಪ್ಪನಿಗೆ ಫೋನಿನಲ್ಲಿ ಒಂದೂವರೆ ಲಕ್ಷದ ಮೇಲೆ ಬರುತ್ತದೆ ಎಂದು ಹೇಳಿದೆ. ಅವರು ಅದನ್ನು ನಂಬಿ ಛತ್ರಕ್ಕೆ ಮುಂಗಡ ಕೊಟ್ಟರು.

ಲೆಕ್ಕಪತ್ರದ ವಿಭಾಗದ ಮಲಯಾಳಿ ಹಿರಿಯರು ಕ್ಯಾಲ್ಕುಲೇಟರ್ ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಕಾನೂನು ಎಣಿಸುವುದು ಕೊನೆಯ ಮೂಲ ವೇತನವನ್ನು ಮಾತ್ರ. 750ರ ಪ್ರಕಾರ ದಿನಕ್ಕೆ 25. ಐದು ವರ್ಷಕ್ಕೆ 2,625, ಆರನೆಯದಕ್ಕೆ 750. ಒಟ್ಟು 3,375. ಮೂರರಲ್ಲಿ ಒಂದು ಪಾಲು. ಕಂಪನಿ ಕಾನೂನು ಮುರಿದಿರಲಿಲ್ಲ, ದೂರು ಕೊಡಲು ಏನೂ ಇರಲಿಲ್ಲ. ಅಪ್ಪ ಉಳಿದ ಹಣಕ್ಕೆ ಸಾಲ ಮಾಡಿದರು. ಆ ಸಾಲದ ಬಗ್ಗೆ ಅವರು ನನ್ನಲ್ಲಿ ಎಂದೂ ಒಂದು ಮಾತು ಆಡಲಿಲ್ಲ, ಅದೇ ನನಗೆ ಇಂದಿಗೂ ನೋವು.

2022ರ ಫೆಬ್ರವರಿಯಿಂದ ಇಲ್ಲಿ ಹೊಸ ಕಾರ್ಮಿಕ ಕಾನೂನು ಇದೆ. ಹಿಂದೆ ಐದು ವರ್ಷಕ್ಕೆ ಮೊದಲು ತಾವಾಗಿ ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿಯಲ್ಲಿ ಕಡಿತವಿತ್ತು, ಅದು ಈಗಿಲ್ಲ. ಒಂದು ವರ್ಷ ತುಂಬಿರಬೇಕು, ಆಮೇಲೆ ಭಾಗಶಃ ವರ್ಷಕ್ಕೂ ಲೆಕ್ಕ ಸಿಗುತ್ತದೆ. ಹನ್ನೊಂದು ತಿಂಗಳಿಗೆ ಬಿಟ್ಟವನಿಗೆ ಏನೂ ಇಲ್ಲ, ಒಂದೂವರೆ ವರ್ಷಕ್ಕೆ ಬಿಟ್ಟವನಿಗೆ ಮೂವತ್ತೊಂದೂವರೆ ದಿನದ ಮೂಲ ವೇತನ. ಸಂಬಳವಿಲ್ಲದ ರಜೆಯ ದಿನಗಳನ್ನು ಸೇವೆಯಿಂದ ಕಳೆಯುತ್ತಾರೆ. ನನ್ನ ಜೊತೆಯಿದ್ದ ಕುಂದಾಪುರದವರೊಬ್ಬರು ತಂದೆಯ ಕಾಯಿಲೆಗೆಂದು ನಾಲ್ಕು ತಿಂಗಳು ಊರಿನಲ್ಲಿದ್ದರು, ಆ ನಾಲ್ಕೂ ತಿಂಗಳು ಅವರ ಲೆಕ್ಕದಲ್ಲಿ ಬರಲಿಲ್ಲ. ಕೆಲಸ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಕೊಡಬೇಕು. ಆದರೆ ಮೂಲ ವೇತನದ ಮೇಲೆಯೇ ಲೆಕ್ಕ ಎಂಬುದು ಮಾತ್ರ ಬದಲಾಗಿಲ್ಲ.

ಈಗ ನಿಮ್ಮ 1,200ನ್ನು ನೋಡೋಣ. ದಿನಕ್ಕೆ 40. ಆರು ವರ್ಷ ದುಡಿದರೆ 4,200 ಮತ್ತು 1,200, ಒಟ್ಟು 5,400 ದಿರ್ಹಂ. ಅದೇ 3,000ದೊಳಗೆ ಮೂಲ ವೇತನ 1,800 ಆಗಿದ್ದರೆ 8,100. ತಿಂಗಳ ಸಂಬಳದಲ್ಲಿ ಕಂಪನಿಗೆ ಒಂದು ದಿರ್ಹಂ ಕೂಡ ಹೆಚ್ಚು ಖರ್ಚಿಲ್ಲ, ಆದ್ದರಿಂದ ಕೇಳಲು ಸಂಕೋಚ ಬೇಡ. ಒಟ್ಟು ಮೊತ್ತ ಹೆಚ್ಚಿಸಿ ಎನ್ನಬೇಡಿ, ಭತ್ಯೆಯಿಂದ 600 ತೆಗೆದು ಮೂಲ ವೇತನಕ್ಕೆ ಸೇರಿಸಿ ಎನ್ನಿ. ಒಪ್ಪದಿದ್ದರೆ, ಮುಂದೆ ಸಂಬಳ ಏರಿದಾಗ ಅರ್ಧವಾದರೂ ಮೂಲ ವೇತನಕ್ಕೆ ಸೇರಲಿ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಊರಿನಲ್ಲಿ ಸಹಿ ಮಾಡಿದ ಆಫರ್ ಪತ್ರದ ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಕೊಡುವ ಒಪ್ಪಂದದಲ್ಲಿ ಮೂಲ ವೇತನದ ಅಂಕಿ ಅದೇ ಇದೆಯೇ ಎಂದು ಹೋಲಿಸಿ ನೋಡದೆ ಪೆನ್ನು ಹಿಡಿಯಬೇಡಿ.

ಸೆಕೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ಕಷ್ಟ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ನಿಮ್ಮದು ಒಳಗಿನ ಕೆಲಸವಾದ್ದರಿಂದ ತೊಂದರೆ ಕಡಿಮೆ. ಊಟಕ್ಕೆ ಚಿಂತೆ ಬೇಡ, ಕರಾಮಾದ ಅಂಗಡಿಗಳಲ್ಲಿ ಈಗ ರಾಗಿಹಿಟ್ಟು ಸಿಗುತ್ತದೆ. ಆದರೂ ಅಮ್ಮ ಕಟ್ಟಿಕೊಟ್ಟರೆ ಬೇಡ ಎನ್ನಬೇಡಿ, ಚೀಲದಲ್ಲಿ ಒಂದು ಕಿಲೋಗೆ ಜಾಗ ಬಿಡಿ. ಆಫರ್ ಪತ್ರದಲ್ಲಿ ಸಂಬಳದ ವಿವರವಿರುವ ಪುಟದ ಫೋಟೋ ಕಳುಹಿಸಿ, ಶುಕ್ರವಾರ ಸಂಜೆ ಕೂತು ನೋಡುತ್ತೇನೆ.